ಸಾಲಿನ ಕೊನೆಗೆ ಒಂದು ಕುಣಿಕೆ ಉಳಿಯುತ್ತಿದೆ: ಫೋಟೊದಲ್ಲಿ ಬಂದ ಹೆಣಿಗೆ ಪುಟದ ತಪ್ಪು ಹುಡುಕುವ ಬಗೆ

ಚಿಕ್ಕಮ್ಮನ ಮಗಳು ಒಂದು ಸಂಜೆ ಫೋನ್ ಮಾಡಿದಳು. "ಅಕ್ಕಾ, ಮೂರು ಸಲ ಬಿಚ್ಚಿ ಹೆಣೆದೆ. ಮೂರು ಸಲವೂ ಮೊದಲ ಸಾಲಿನ ಕೊನೆಗೆ ಒಂದು ಕುಣಿಕೆ ಉಳೀತಿದೆ. ಎಣಿಸಿದ್ರೆ ಮೂವತ್ತೇಳು ಸರಿಯಾಗೇ ಇದೆ." ಅವಳು ಹೆಣೆಯುತ್ತಿದ್ದದ್ದು ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯ ಜಾಲರಿ ಹೆಣಿಗೆ. ಪತ್ರಿಕೆ ಅವಳ ಹತ್ತಿರ ಇರಲಿಲ್ಲ. ಯಾರೋ ಪುಟದ ಫೋಟೊ ತೆಗೆದು ಕಳಿಸಿದ್ದರು, ಅದರಿಂದ ಅಕ್ಷರಗಳನ್ನು ಎತ್ತಿಕೊಂಡು, ಸಂಕೇತಗಳನ್ನು ಬಿಡಿಸಿ, ಕನ್ನಡದಲ್ಲಿ ಬರೆದಿಟ್ಟುಕೊಂಡು ಹೆಣೆಯುತ್ತಿದ್ದಳು.

ಇಂಥ ಕೆಲಸದಲ್ಲಿ ತಪ್ಪು ಹುಟ್ಟುವ ಜಾಗ ಮೂರು: ಫೋಟೊ ಓದುವಾಗ, ಸಂಕೇತ ಬಿಡಿಸುವಾಗ, ಕನ್ನಡದಲ್ಲಿ ಬರೆಯುವಾಗ. ಮೂರೂ ಕಡೆಯ ತಪ್ಪು ಕಡ್ಡಿಯ ಮೇಲೆ ಒಂದೇ ಥರ ಕಾಣಿಸಿಕೊಳ್ಳಬಹುದು. ಹಾಗಾಗಿ ಮತ್ತೆ ಬಿಚ್ಚಿ ಹೆಣೆಯುವುದಕ್ಕಿಂತ ಮುಂಚೆ ಕಾಗದದ ಮೇಲೆ ಲೆಕ್ಕ ಹಾಕಬೇಕು. ಅವಳ ಕೈ ಸರಿಯಾಗಿಯೇ ಇತ್ತು. ಒಂದೇ ಜಾಗದಲ್ಲಿ ಮೂರು ಸಲ ಒಂದೇ ಥರ ತಪ್ಪಾಗುತ್ತಿದೆ ಎಂದರೆ ದೋಷ ಹೆಣೆಯುವ ಕೈಯಲ್ಲಿಲ್ಲ, ಎದುರಿಗಿರುವ ಬರಹದಲ್ಲಿದೆ.

ಅವಳ ಎದುರಿಗಿದ್ದ ಸಾಲು

ಫೋಟೊದಿಂದ ಅವಳು ಎತ್ತಿಕೊಂಡಿದ್ದು ಹೀಗಿತ್ತು:

```
lst row (RS): K1, *yfwd, sl l, k1, psso,
k2tog, yfwd, k1; rep from * to end.
```

ಮೊದಲು ಸಂಕೇತಗಳ ಅರ್ಥ ನೋಡಿಬಿಡೋಣ. `K` ಅಂದರೆ ನಿಟ್, ಅಂದರೆ ಸೀದಾ ಹೆಣಿಗೆ. `P` ಅಂದರೆ ಪರ್ಲ್, ಉಲ್ಟಾ ಹೆಣಿಗೆ. ಅದರ ಪಕ್ಕದ ಅಂಕಿ ಎಷ್ಟು ಕುಣಿಕೆ ಎಂದು ಹೇಳುತ್ತದೆ. `yfwd` ಅಂದರೆ ನೂಲನ್ನು ಮುಂದಕ್ಕೆ ತಂದು ಕಡ್ಡಿಯ ಮೇಲೆ ಒಂದು ಹೊಸ ಕುಣಿಕೆ ಮಾಡುವುದು. ಜಾಲರಿಯ ತೂತು ಹುಟ್ಟುವುದು ಇದರಿಂದಲೇ. ಈಚಿನ ಪುಟಗಳಲ್ಲಿ ಇದೇ ಕೆಲಸಕ್ಕೆ `yo` ಎಂದಿರುತ್ತದೆ. `sl 1` ಅಂದರೆ ಒಂದು ಕುಣಿಕೆಯನ್ನು ಹೆಣೆಯದೆ ಎಡಗಡ್ಡಿಯಿಂದ ಬಲಗಡ್ಡಿಗೆ ಜಾರಿಸುವುದು. `psso` ಅಂದರೆ ಹಾಗೆ ಜಾರಿಸಿದ ಕುಣಿಕೆಯನ್ನು ಎತ್ತಿ, ಅದರ ನಂತರ ಹೆಣೆದ ಕುಣಿಕೆಯ ಮೇಲಿಂದ ದಾಟಿಸಿ ಕೆಳಗೆ ಬಿಡುವುದು. `k2tog` ಅಂದರೆ ಎರಡು ಕುಣಿಕೆಗೆ ಒಟ್ಟಿಗೆ ಕಡ್ಡಿ ಹಾಕಿ ಒಂದೇ ಕುಣಿಕೆಯಾಗಿ ಸೀದಾ ಹೆಣೆಯುವುದು. ನಕ್ಷತ್ರದ ಗುರುತಿನಿಂದ ಅರ್ಧವಿರಾಮದವರೆಗಿನ ತುಂಡನ್ನು ಮತ್ತೆ ಮತ್ತೆ ಹೆಣೆಯಬೇಕು ಎಂಬುದು `rep from *`.

ಮೇಲಿನ ಸಾಲಿನಲ್ಲಿ ಎರಡು ಕಡೆ ಅಂಕಿ ಒಂದರ ಬದಲು ಅಕ್ಷರ ಎಲ್ ಬಂದಿದೆ, ಕಂಡಿತೆ? `lst` ಮತ್ತು `sl l`. ಹಳೆಯ ಅಚ್ಚಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. `sl` ಪಕ್ಕದಲ್ಲಿ ಅಕ್ಷರಕ್ಕೆ ಏನೂ ಕೆಲಸವಿಲ್ಲವಾದ್ದರಿಂದ ಅಲ್ಲಿ ಅಂಕಿಯೇ ಇರಬೇಕು, ಅದನ್ನು ಅವಳೂ ಊಹಿಸಿದ್ದಳು. ಇಂಥ ತಪ್ಪು ಕಣ್ಣಿಗೆ ಕುಕ್ಕುತ್ತದೆ, ಆದ್ದರಿಂದ ಅಪಾಯ ಕಡಿಮೆ. ಅಪಾಯ ಇರುವುದು ಓದಲು ಏನೂ ತೊಂದರೆಯಿಲ್ಲದೆ, ಅರ್ಥವೂ ಆಗುತ್ತಾ, ಒಳಗೆ ಒಂದು ಸಂಕೇತವೇ ಕಾಣೆಯಾಗಿರುವ ಸಾಲಿನಲ್ಲಿ.

ಕೊಟ್ಟಿದ್ದೆಷ್ಟು, ತೆಗೆದುಕೊಂಡಿದ್ದೆಷ್ಟು

ಹೆಣಿಗೆಯ ಪ್ರತಿ ಸಂಕೇತಕ್ಕೂ ಎರಡು ಲೆಕ್ಕ ಇದೆ. ಎಡಗಡ್ಡಿಯಿಂದ ಎಷ್ಟು ಕುಣಿಕೆ ತೆಗೆದುಕೊಳ್ಳುತ್ತದೆ ಎನ್ನುವುದು ಒಂದು. ಬಲಗಡ್ಡಿಗೆ ಎಷ್ಟು ಕುಣಿಕೆ ಕೊಡುತ್ತದೆ ಎನ್ನುವುದು ಇನ್ನೊಂದು. ಬಹಳ ಜನ ಎರಡನೆಯದನ್ನು ಮಾತ್ರ ಎಣಿಸುತ್ತಾರೆ. ನನ್ನ ತಂಗಿಯೂ ಅದನ್ನೇ ಮಾಡಿದ್ದಳು, ಅದಕ್ಕೇ ಅವಳಿಗೆ ಮೂವತ್ತೇಳು ಸರಿಯಾಗಿ ಸಿಕ್ಕಿತ್ತು.

`k1` ಒಂದು ತೆಗೆದುಕೊಂಡು ಒಂದು ಕೊಡುತ್ತದೆ. `yfwd` ಏನೂ ತೆಗೆದುಕೊಳ್ಳುವುದಿಲ್ಲ, ಒಂದು ಕೊಡುತ್ತದೆ. `k2tog` ಎರಡು ತೆಗೆದುಕೊಂಡು ಒಂದು ಕೊಡುತ್ತದೆ. `sl 1, k1, psso` ಮೂರು ಸಂಕೇತಗಳಾಗಿ ಬರೆದಿದ್ದರೂ ಒಂದೇ ಕೆಲಸ. ಅದೂ ಎರಡು ತೆಗೆದುಕೊಂಡು ಒಂದು ಕೊಡುತ್ತದೆ. ಇದನ್ನು ಬಿಡಿಬಿಡಿಯಾಗಿ ಎಣಿಸಬೇಡಿ, ಯಾವತ್ತೂ ಒಂದು ಗಂಟಾಗಿಯೇ ಎಣಿಸಿ.

ಈಗ ಅವಳ ಸಾಲಿನ ನಕ್ಷತ್ರದ ಒಳಗಿನ ತುಂಡನ್ನು ಲೆಕ್ಕ ಹಾಕಿ. ತೆಗೆದುಕೊಳ್ಳುವುದು: ನೂಲಿಗೆ ಸೊನ್ನೆ, ಜಾರಿಸಿ ದಾಟಿಸುವುದಕ್ಕೆ 2, `k2tog`ಗೆ 2, ಮತ್ತೆ ನೂಲಿಗೆ ಸೊನ್ನೆ, ಕೊನೆಯ `k1`ಗೆ 1. ಒಟ್ಟು 5. ಕೊಡುವುದು: ಒಂದೊಂದರಂತೆ ಐದು ಕೆಲಸಕ್ಕೆ 5. ತೆಗೆದುಕೊಂಡಿದ್ದೂ ಐದು, ಕೊಟ್ಟಿದ್ದೂ ಐದು, ಆದ್ದರಿಂದ ಒಟ್ಟು ಸಂಖ್ಯೆ ಬದಲಾಗುವುದಿಲ್ಲ. ಆದರೆ ಕಡ್ಡಿಯಲ್ಲಿ 37 ಇದೆ, ಮೊದಲ `K1`ಗೆ ಒಂದು ಹೋದರೆ 36. ಮೂವತ್ತಾರರಲ್ಲಿ ಐದು ಏಳು ಸಲ ಹೋಗಿ ಒಂದು ಉಳಿಯುತ್ತದೆ. ಅವಳಿಗೆ ಉಳಿಯುತ್ತಿದ್ದ ಕುಣಿಕೆ ಅದೇ.

ಪುಟದಲ್ಲಿ `rep from * to end` ಎಂದಿದೆ. ಅಂದರೆ ಏನೂ ಉಳಿಯದೆ ಸಾಲು ಮುಗಿಯಬೇಕು. 36ನ್ನು ಶೇಷವಿಲ್ಲದೆ ಭಾಗಿಸುವ, ಐದಕ್ಕೆ ಹತ್ತಿರದ ಸಂಖ್ಯೆ 4 ಅಥವಾ 6. ಅದೇ ಪುಟದ ಆರಂಭದಲ್ಲಿ ಅಳತೆಗಳ ಸಾಲು ಇದೆ:

```
Cast on 37 (43:49) sts.
```

ಇದು ಮೂರು ಅಳತೆಗೆ ಹಾಕಬೇಕಾದ ಕುಣಿಕೆಗಳು: ಚಿಕ್ಕದಕ್ಕೆ 37, ನಡುವಿನದಕ್ಕೆ 43, ದೊಡ್ಡದಕ್ಕೆ 49. ಅಳತೆಯಿಂದ ಅಳತೆಗೆ ಆರಾರು ಹೆಚ್ಚುತ್ತಿದೆ. ಅಂಚಿನ ಒಂದನ್ನು ಬಿಟ್ಟರೆ 36, 42, 48, ಮೂರೂ ಆರರಿಂದ ಭಾಗವಾಗುತ್ತವೆ, 42 ಮಾತ್ರ ನಾಲ್ಕರಿಂದ ಆಗುವುದಿಲ್ಲ. ಹಾಗಾದರೆ ಪುನರಾವರ್ತನೆಯ ತುಂಡು ಆರು ಕುಣಿಕೆಯದು, ನಮ್ಮ ಬರಹದಲ್ಲಿ ಒಂದು ಕುಣಿಕೆಯ ಕೆಲಸ ಕಾಣೆಯಾಗಿದೆ. ಪುಟವನ್ನೇ ನೋಡದೆ ಇಷ್ಟು ಗೊತ್ತಾಯಿತು. ಇದೇ ಲೆಕ್ಕ ಅಂಕಿಯ ತಪ್ಪನ್ನೂ ಹಿಡಿಯುತ್ತದೆ. ಮಸುಕಾದ ಫೋಟೊದಲ್ಲಿ 43 ಎನ್ನುವುದು 48 ಎಂದು ಓದಿಕೊಂಡರೆ, 47 ಆರರಿಂದ ಭಾಗವಾಗದ್ದರಿಂದ ತಕ್ಷಣ ಸಂಶಯ ಬರಬೇಕು.

ಇನ್ನು ಫೋಟೊ ಹಿಗ್ಗಿಸಿ ನೋಡಿದೆವು. ಎಡಗಡೆಯ ಅಂಚಿನಲ್ಲಿ ಪುಟವನ್ನು ಒತ್ತಿ ಹಿಡಿದ ಹೆಬ್ಬೆರಳು ಇತ್ತು. ಉಗುರಿನ ತುದಿ ಎರಡನೆಯ ಗೆರೆಯ ಮೊದಲಿಗೇ ಬಂದಿತ್ತು. ಉಗುರಿನ ಪಕ್ಕದಲ್ಲಿ ಒಂದು ಅಲ್ಪವಿರಾಮದ ಬಾಲ ಮಾತ್ರ ಕಾಣುತ್ತಿತ್ತು. ಗೆರೆ ಯಾವತ್ತೂ ಅಲ್ಪವಿರಾಮದಿಂದ ಶುರುವಾಗುವುದಿಲ್ಲ, ಅಂದರೆ ಅದರ ಹಿಂದೆ ಬೆರಳಿನಡಿ ಏನೋ ಇದೆ. ಬೇರೆ ಫೋಟೊ ತರಿಸಿದಾಗ ಪೂರ್ತಿ ಸಾಲು ಹೀಗಿತ್ತು:

```
1st row (RS): K1, *yfwd, sl 1, k1, psso,
k1, k2tog, yfwd, k1; rep from * to end.
2nd row: P to end.
```

`psso` ಆದ ಮೇಲೆ ಒಂದು `k1`. ಈಗ ತುಂಡು ಆರು ತೆಗೆದುಕೊಂಡು ಆರು ಕೊಡುತ್ತದೆ, ಆರು ಸಲ ಹೆಣೆದರೆ 36 ಮುಗಿಯುತ್ತದೆ.

ಮತ್ತೆ ಫೋಟೊ ತರಿಸುವುದಾದರೆ ಹೀಗೆ ಕೇಳಿ: ಪುಟವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಬೆರಳಿನ ಬದಲು ಅಂಚಿನ ಹೊರಗೆ ಯಾವುದಾದರೂ ಭಾರ ಇಟ್ಟು, ಫೋನನ್ನು ಪುಟದ ನೇರ ಮೇಲೆ ಹಿಡಿದು, ಒಂದು ಅಂಕಣಕ್ಕೆ ಒಂದು ಫೋಟೊ. ಎರಡು ಅಂಕಣವೂ ಒಂದೇ ಫೋಟೊದಲ್ಲಿದ್ದರೆ ಅಕ್ಷರ ಎತ್ತಿಕೊಡುವ ಆ್ಯಪ್ ಕೆಲವೊಮ್ಮೆ ಎಡ ಅಂಕಣದ ಗೆರೆಗೆ ಬಲ ಅಂಕಣದ ಗೆರೆಯನ್ನು ಅಂಟಿಸಿಬಿಡುತ್ತದೆ. ಆಗ ಬೆನ್ನಿನ ಭಾಗದ ಹೆಣಿಗೆಯೊಳಗೆ ತೋಳಿನ ಹೆಣಿಗೆ ಬಂದು ಕೂರುತ್ತದೆ.

ಒಂದೇ ಲಕ್ಷಣ, ಬೇರೆ ಬೇರೆ ಕಾರಣ

ಒಂದು ಕುಣಿಕೆ ಉಳಿಯುತ್ತಿದೆ ಎಂದ ಮಾತ್ರಕ್ಕೆ `k1` ಕಾಣೆಯಾಗಿದೆ ಎಂದುಕೊಳ್ಳುವಂತಿಲ್ಲ. ಇದೇ ಸಾಲಿನಲ್ಲಿ ಇನ್ನೊಂದು ತಪ್ಪೂ ಸರಿಯಾಗಿ ಒಂದೇ ಕುಣಿಕೆಯನ್ನು ಉಳಿಸುತ್ತದೆ. `psso` ಪಿ ಅಕ್ಷರದಿಂದ ಶುರುವಾಗುವುದರಿಂದ ಅದನ್ನು ಪರ್ಲ್ ಎಂದು ಓದಿ, ಒಂದು ಕುಣಿಕೆ ಉಲ್ಟಾ ಹೆಣೆದುಬಿಡುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ತುಂಡು ಏಳು ಕುಣಿಕೆ ತೆಗೆದುಕೊಳ್ಳುತ್ತದೆ. ಮೂವತ್ತಾರರಲ್ಲಿ ಏಳು ಐದು ಸಲ ಹೋಗಿ ಮತ್ತೆ ಒಂದೇ ಉಳಿಯುತ್ತದೆ.

ಇವೆರಡನ್ನೂ ಬೇರೆ ಮಾಡುವುದು ಸಾಲು ಮುಗಿದ ಮೇಲಿನ ಒಟ್ಟು ಎಣಿಕೆ. `k1` ಕಾಣೆಯಾಗಿದ್ದರೆ, ಉಳಿದ ಕುಣಿಕೆಯೂ ಸೇರಿ 37 ಇರುತ್ತದೆ. `psso`ವನ್ನು ಉಲ್ಟಾ ಎಂದು ಹೆಣೆದಿದ್ದರೆ, ಪ್ರತಿ ತುಂಡಿಗೆ ಏಳು ತೆಗೆದುಕೊಂಡು ಎಂಟು ಕೊಟ್ಟಂತಾಗಿ, ಐದು ತುಂಡಿಗೆ ಐದು ಹೆಚ್ಚಾಗಿ 42 ಆಗುತ್ತದೆ. ಆದ್ದರಿಂದ ಬಿಚ್ಚುವ ಮುಂಚೆ ಎರಡು ಸಂಖ್ಯೆ ಬರೆದುಕೊಳ್ಳಿ: ಕೊನೆಗೆ ಉಳಿದದ್ದೆಷ್ಟು, ಒಟ್ಟು ಇರುವುದೆಷ್ಟು. ಬಿಚ್ಚಿದ ಮೇಲೆ ಈ ಸುಳಿವು ಮತ್ತೆ ಸಿಗುವುದಿಲ್ಲ.

ಸಾಲು ಸರಿಯಾಗಿ ಮುಗಿದು, ಏನೂ ಉಳಿಯದೆ, ಎಣಿಕೆ ಮಾತ್ರ ತಪ್ಪಿದ್ದರೆ ಎಡಗಡ್ಡಿಯಿಂದ ಕುಣಿಕೆ ತೆಗೆದುಕೊಳ್ಳುವ ಸಂಕೇತ ಬರಹದಲ್ಲಿ ಕಾಣೆಯಾಗಿಲ್ಲ, ಹೆಚ್ಚಾಗಿ ಯಾವುದೋ ಸಂಕೇತವನ್ನು ತಪ್ಪಾಗಿ ಬಿಡಿಸಲಾಗಿದೆ. ಒಟ್ಟು 25 ಇದ್ದರೆ ಹನ್ನೆರಡು ಕಡಿಮೆ. ಆರು ತುಂಡಿಗೆ ತಲಾ ಎರಡರಂತೆ ಹನ್ನೆರಡು `yfwd` ಇವೆ, ಅವು ಒಂದೂ ಕುಣಿಕೆಯಾಗಿಲ್ಲ. `yfwd` ಎಂಬುದನ್ನು "ನೂಲು ಮುಂದಕ್ಕೆ" ಎಂದಷ್ಟೇ ಬರೆದುಕೊಂಡು, ನೂಲನ್ನು ಎರಡು ಕಡ್ಡಿಯ ನಡುವಿಂದ ಮುಂದೆ ತಂದು, ಅದೇ ದಾರಿಯಲ್ಲಿ ಹಿಂದಕ್ಕೆ ಒಯ್ದು ಹೆಣೆದವರಿಗೆ ಹೀಗಾಗುತ್ತದೆ. ಒಟ್ಟು 31 ಇದ್ದರೆ ತುಂಡಿಗೆ ಒಂದು ನೂಲು ಮಾತ್ರ ತಪ್ಪಿದೆ, ಹೆಚ್ಚಾಗಿ ಅದು `sl 1`ಗೆ ಮುಂಚಿನದು. ಕಾರಣ ಮುಂದೆ ಹೇಳುತ್ತೇನೆ.

ಒಟ್ಟು 43 ಆಗಿದ್ದರೆ ತುಂಡಿಗೊಂದು ಕುಣಿಕೆ ಹೆಚ್ಚಾಗಿದೆ, ಅಂದರೆ ಎರಡು ಕಡಿತಗಳಲ್ಲಿ ಒಂದು ನಡೆದಿಲ್ಲ. ಒಂದೋ ಕುಣಿಕೆ ಜಾರಿಸಿ ದಾಟಿಸುವುದನ್ನು ಮರೆತಿದ್ದೀರಿ, ಇಲ್ಲವೇ `k2tog` ಎರಡು ಗೆರೆಗೆ ಒಡೆದುಹೋಗಿದೆ. ಅಂಕಣ ಕಿರಿದಾಗಿದ್ದರೆ `k2` ಒಂದು ಗೆರೆಯ ಕೊನೆಗೂ `tog` ಮುಂದಿನ ಗೆರೆಯ ಮೊದಲಿಗೂ ಬರುತ್ತದೆ. ಅರ್ಥವಾಗದ `tog` ಬಿಟ್ಟು ಎರಡು ಕುಣಿಕೆ ಬೇರೆ ಬೇರೆಯಾಗಿ ಹೆಣೆದರೆ ಕಡಿತ ಆಗುವುದೇ ಇಲ್ಲ. ಯಾವುದು ತಪ್ಪಿದೆ ಎಂದು ತಿಳಿಯಲು ಹೆಣಿಗೆಯನ್ನು ಸೀದಾ ಮುಖ ಮೇಲಾಗಿ ಹಿಡಿದು ಕಡಿತದ ವಾಲು ನೋಡಿ. ಜಾರಿಸಿ ದಾಟಿಸಿದ ಕಡಿತ ಎಡಕ್ಕೆ ವಾಲುತ್ತದೆ, `k2tog` ಬಲಕ್ಕೆ ವಾಲುತ್ತದೆ. ಎಡಕ್ಕೆ ವಾಲಿದ್ದು ಎಲ್ಲೂ ಕಾಣದಿದ್ದರೆ `psso` ತಪ್ಪಿದೆ, ಬಲಕ್ಕೆ ವಾಲಿದ್ದು ಕಾಣದಿದ್ದರೆ `k2tog` ತಪ್ಪಿದೆ.

ಎಣಿಕೆ ಸರಿ, ತೂತು ಮಾತ್ರ ಮುಚ್ಚಿಕೊಂಡಿದೆ

ನನಗೆ ಅತಿ ಹೆಚ್ಚು ತಲೆ ತಿಂದ ದೋಷ ಇದು. 37 ಸರಿ, ಕೊನೆಗೆ ಏನೂ ಉಳಿಯುವುದಿಲ್ಲ, ಆದರೂ ಪ್ರತಿ ತುಂಡಿನ ಎರಡು ತೂತಿನಲ್ಲಿ ಮೊದಲನೆಯದು ಬಿಗಿದುಕೊಂಡು ಸಣ್ಣ ಸೀಳಿನಂತೆ ಕಾಣುತ್ತದೆ, ಎರಡನೆಯದು ಮಾತ್ರ ದುಂಡಗೆ ಬಿಟ್ಟುಕೊಂಡಿರುತ್ತದೆ.

ಎರಡನೆಯ `yfwd` ಆದ ಮೇಲೆ `k1` ಬರುತ್ತದೆ. ನೂಲು ಮುಂದೆ ಇದ್ದಂತೆಯೇ ಸೀದಾ ಹೆಣೆದರೆ, ಹೆಣೆಯಲು ಹಿಂದಕ್ಕೆ ಹೋಗುವ ನೂಲು ತಾನಾಗಿಯೇ ಬಲಗಡ್ಡಿಯ ಮೇಲೆ ಹಾಯ್ದು ಕುಣಿಕೆಯಾಗುತ್ತದೆ. ಮೊದಲನೆಯ `yfwd` ಆದ ಮೇಲೆ `sl 1` ಬರುತ್ತದೆ, ಜಾರಿಸುವಾಗ ನೂಲಿಗೆ ಕೆಲಸವಿಲ್ಲ. ನೂಲನ್ನು ಮುಂದೆಯೇ ಬಿಟ್ಟು ಕುಣಿಕೆ ಜಾರಿಸಿ, ಆಮೇಲೆ ಹೆಣೆದರೆ, ನೂಲು ಕಡ್ಡಿಯ ಮೇಲೆ ಹಾಯುವುದು ಜಾರಿಸಿದ ಕುಣಿಕೆಯ ಎಡಕ್ಕೆ. ಬಲಗಡ್ಡಿಯ ಮೇಲೆ ಈಗ ಬಲದಿಂದ ಎಡಕ್ಕೆ ಜಾರಿಸಿದ ಕುಣಿಕೆ, ನೂಲು, ಹೆಣೆದ ಕುಣಿಕೆ ಎಂಬ ಸರಣಿ ಇದೆ. ಆಗಬೇಕಿದ್ದ ಸರಣಿ ನೂಲು, ಜಾರಿಸಿದ ಕುಣಿಕೆ, ಹೆಣೆದ ಕುಣಿಕೆ. ತಪ್ಪಾದ ಸರಣಿಯಲ್ಲಿ `psso` ಮಾಡಿದಾಗ ಜಾರಿಸಿದ ಕುಣಿಕೆ ಹೆಣೆದ ಕುಣಿಕೆಯ ಜೊತೆಗೆ ನೂಲಿನ ಮೇಲಿಂದಲೂ ದಾಟಿ, ಎರಡನ್ನೂ ಸೇರಿಸಿ ಕಟ್ಟಿಬಿಡುತ್ತದೆ. ಕಡ್ಡಿಯ ಮೇಲೆ ಎರಡು ಕುಣಿಕೆ ಇದ್ದೇ ಇರುತ್ತವೆ, ಎಣಿಕೆ ಕೆಡುವುದಿಲ್ಲ, ತೂತು ಮಾತ್ರ ಕಟ್ಟಿಕೊಳ್ಳುತ್ತದೆ. ಇದಕ್ಕೆ ಹೆದರಿ ನೂಲನ್ನು ನಡುವಿಂದ ಹಿಂದಕ್ಕೆ ಒಯ್ದು ಜಾರಿಸಿದರೆ ಆ ಕುಣಿಕೆಯೇ ಹುಟ್ಟುವುದಿಲ್ಲ. ಮೇಲೆ ಹೇಳಿದ 31ರ ಎಣಿಕೆ ಬರುವುದು ಹೀಗೆ.

ಪರಿಹಾರ ಬರಹದಲ್ಲೇ ಇದೆ. `yfwd` ಎಂಬುದನ್ನು ಎರಡು ಕಡೆಯೂ ಪೂರ್ತಿ ಕೆಲಸವಾಗಿ ಬಿಡಿಸಿ ಬರೆಯಿರಿ: ನೂಲನ್ನು ಕಡ್ಡಿಗಳ ನಡುವಿಂದ ಮುಂದೆ ತಂದು, ಬಲಗಡ್ಡಿಯ ಮೇಲಿಂದ ಹಿಂದಕ್ಕೆ ಹಾಕಿ. ಕಡ್ಡಿಯ ಮೇಲೆ ನೂಲು ಕೂತದ್ದನ್ನು ತೋರುಬೆರಳಿಂದ ಒತ್ತಿ ಹಿಡಿದು, ಆಮೇಲೆ ಮುಂದಿನ ಕುಣಿಕೆ ಜಾರಿಸಿ. ಜಾರಿಸುವಾಗ ಕಡ್ಡಿಯನ್ನು ಸೀದಾ ಹೆಣೆಯುವಂತೆಯೇ ಎಡದಿಂದ ಒಳಗೆ ತೂರಿಸಿ. ಉಲ್ಟಾ ಹೆಣೆಯುವಂತೆ ಬಲದಿಂದ ತೂರಿಸಿ ಜಾರಿಸಿದರೆ, ದಾಟಿಸಿದ ಮೇಲೆ ಆ ಕುಣಿಕೆ ತಿರುಚಿಕೊಂಡು ನಿಲ್ಲುತ್ತದೆ.

ನೂಲು ಹಾಕುವುದನ್ನು ಹಳೆಯ ಬ್ರಿಟಿಷ್ ಪುಟಗಳು ಮುಂದೇನು ಬರುತ್ತದೆ ಎಂಬುದರ ಮೇಲೆ ಬೇರೆ ಬೇರೆ ಹೆಸರಿಂದ ಕರೆಯುತ್ತವೆ. ಪರ್ಲ್ ಬರುವ ಮುಂಚೆ `yrn` ಎಂದಿರುತ್ತದೆ. ಅದನ್ನು `yfwd` ಹಾಗೆಯೇ ಹೆಣೆದರೆ ನೂಲು ಕಡ್ಡಿಗೆ ಸುತ್ತಿಕೊಳ್ಳದೆ ಕುಣಿಕೆ ತಪ್ಪುತ್ತದೆ. ಅಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದೆ ಹೋಗಿ, ಕೆಳಗಿಂದ ಸುತ್ತಿ ಮತ್ತೆ ಮುಂದಕ್ಕೆ ಬರಬೇಕು.

ಕನ್ನಡಕ್ಕೆ ತರುವಾಗ ಸರಣಿ ತಿರುಗುವ ಜಾಗ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದು ಹೆಣಿಗೆಗೆ ಒಳ್ಳೆಯದೇ. "ಜಾರಿಸಿ, ಹೆಣೆದು, ದಾಟಿಸಿ" ಎಂದು ಮಾಡುವ ಕ್ರಮದಲ್ಲೇ ಹೇಳಿಕೊಂಡು ಹೋಗಬಹುದು. ತೊಂದರೆ ಬರುವುದು ಒಂದು ಗಂಟನ್ನು ಒಂದೇ ಚೆಂದದ ವಾಕ್ಯ ಮಾಡಲು ಹೋದಾಗ. ಮೂರನೆಯ ಸಾಲು ನೋಡಿ:

```
3rd row: K2, *yfwd, sl 1, k2tog, psso,
yfwd, k3; rep from * to last 5 sts,
yfwd, sl 1, k2tog, psso, yfwd, k2.
4th row: As 2nd row.
```

ನಡುವಿನ `sl 1, k2tog, psso` ಮೂರು ಕುಣಿಕೆಯನ್ನು ಒಂದು ಮಾಡುವ ಗಂಟು. ತಂಗಿ ಇದನ್ನು "ಎರಡು ಕುಣಿಕೆ ಸೇರಿಸಿ ಹೆಣೆದು ಅದರ ಮೇಲೆ ಜಾರಿಸಿದ ಕುಣಿಕೆ ದಾಟಿಸಿ" ಎಂದು ಬರೆದಿದ್ದಳು. ಓದಲು ಚೆನ್ನಾಗಿದೆ, ಆದರೆ ಜಾರಿಸುವುದು ಯಾವಾಗ ಎಂಬುದೇ ಹೋಯಿತು. ಈ ವಾಕ್ಯ ಓದಿ ಹೆಣೆಯುವ ಕೈ ಮೊದಲು ಎರಡನ್ನು ಸೇರಿಸಿ ಹೆಣೆಯುತ್ತದೆ, ಆಮೇಲೆ ಜಾರಿಸಲು ಕುಣಿಕೆ ಹುಡುಕುತ್ತದೆ. ಸರಿಯಾದ ಕ್ರಮ: ಮೊದಲು ಒಂದನ್ನು ಜಾರಿಸಿ, ನಂತರ ಮುಂದಿನ ಎರಡನ್ನು ಒಟ್ಟಿಗೆ ಹೆಣೆದು, ಕೊನೆಗೆ ಜಾರಿಸಿದ್ದನ್ನು ಆ ಹೆಣೆದದ್ದರ ಮೇಲಿಂದ ದಾಟಿಸಿ ಬಿಡಿ. ಸಂಕೇತ ಅಚ್ಚಿನಲ್ಲಿ ಯಾವ ಕ್ರಮದಲ್ಲಿದೆಯೋ ಕನ್ನಡದ ಕ್ರಿಯೆಗಳೂ ಅದೇ ಕ್ರಮದಲ್ಲಿ, ಒಂದೊಂದು ಅಲ್ಪವಿರಾಮಕ್ಕೆ ಒಂದೊಂದಾಗಿ ಬರಲಿ. ವಾಕ್ಯ ಮುರಿದುಮುರಿದು ಕಂಡರೂ ಪರವಾಗಿಲ್ಲ.

ಎರಡನೆಯ ಜಾರುವ ಜಾಗ `to last 5 sts`. "ಕೊನೆಯ ಐದು ಕುಣಿಕೆಗಳವರೆಗೆ" ಎಂದು ಬರೆದರೆ ಕನ್ನಡದಲ್ಲಿ ಆ ಐದೂ ಸೇರಿಯೋ, ಐದನ್ನು ಬಿಟ್ಟೋ ಎಂಬುದು ತಿಳಿಯುವುದಿಲ್ಲ. ಸೇರಿಸಿಕೊಂಡು ಹೋದವರಿಗೆ ಕೊನೆಯ ತುಂಡಿನ `k3` ಹೆಣೆಯುವಾಗ ಕಡ್ಡಿಯಲ್ಲಿ ಎರಡೇ ಕುಣಿಕೆ ಇರುತ್ತವೆ. ಒಂದು ಕುಣಿಕೆ ಎಲ್ಲೋ ಬಿದ್ದುಹೋಯಿತೆಂದು ಅವರು ಹಿಂದಕ್ಕೆ ಹುಡುಕತೊಡಗುತ್ತಾರೆ. ಏನೂ ಬಿದ್ದಿಲ್ಲ. "ಎಡಗಡ್ಡಿಯಲ್ಲಿ 5 ಉಳಿದಾಗ ನಿಲ್ಲಿಸಿ" ಎಂದು ಬರೆದುಕೊಳ್ಳಿ. 37ರಲ್ಲಿ ಮೊದಲ ಎರಡು, ಆರರ ಐದು ತುಂಡು, ಕೊನೆಯ ಐದು: 2, 30, 5. ಕೂಡಿಸಿದರೆ ಸರಿಹೋಗುತ್ತದೆ.

ನಾವಿಬ್ಬರೂ ಕೂತು ಬರೆದ ಕನ್ನಡದ ಪ್ರತಿ ಇದು. ಅಂಕಿಗಳು ಅಚ್ಚಿನಲ್ಲಿದ್ದಂತೆಯೇ ಇವೆ, ನಕ್ಷತ್ರವೂ ಅದೇ ಜಾಗದಲ್ಲಿದೆ. "ನೂಲು" ಎಂದಿರುವ ಕಡೆಯಲ್ಲೆಲ್ಲ ಮೇಲೆ ಹೇಳಿದ ಪೂರ್ತಿ ಕೆಲಸ ಎಂದು ಓದಿಕೊಳ್ಳಬೇಕು.

1ನೇ ಸಾಲು, ಸೀದಾ ಮುಖ: 1 ಸೀದಾ. * ನೂಲು. 1 ಜಾರಿಸಿ, 1 ಸೀದಾ ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿ. 1 ಸೀದಾ. 2ನ್ನು ಒಟ್ಟಿಗೆ ಸೀದಾ. ನೂಲು. 1 ಸೀದಾ. ಸಾಲು ಮುಗಿಯುವವರೆಗೆ * ಗುರುತಿನಿಂದ ಮತ್ತೆ.

2ನೇ ಸಾಲು: ಎಲ್ಲವೂ ಉಲ್ಟಾ, ನೂಲಿನ ಕುಣಿಕೆಯನ್ನೂ ಒಂದು ಕುಣಿಕೆಯೆಂದೇ ಹೆಣೆಯಿರಿ.

3ನೇ ಸಾಲು: 2 ಸೀದಾ. * ನೂಲು. 1 ಜಾರಿಸಿ, 2ನ್ನು ಒಟ್ಟಿಗೆ ಸೀದಾ ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿ. ನೂಲು. 3 ಸೀದಾ. * ಗುರುತಿನಿಂದ ಮತ್ತೆ. ಎಡಗಡ್ಡಿಯಲ್ಲಿ 5 ಉಳಿದಾಗ ನಿಲ್ಲಿಸಿ. ನೂಲು. 1 ಜಾರಿಸಿ, 2ನ್ನು ಒಟ್ಟಿಗೆ ಸೀದಾ ಹೆಣೆದು, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಿ. ನೂಲು. 2 ಸೀದಾ.

4ನೇ ಸಾಲು: 2ನೇ ಸಾಲಿನಂತೆ.

`RS` ಎಂಬುದನ್ನು "ಸೀದಾ ಮುಖ" ಎಂದು ಬರೆದದ್ದನ್ನು ಗಮನಿಸಿ. ಅದನ್ನು "ಬಲ ಬದಿ" ಎಂದು ಅನುವಾದಿಸಿದ ಪ್ರತಿಗಳು ಬೇಕಾದಷ್ಟು ಓಡಾಡುತ್ತಿವೆ. ಇಲ್ಲಿ ಅರ್ಥ ಬಟ್ಟೆಯ ಹೊರಮೈ, `WS` ಅಂದರೆ ಒಳಮೈ. ಆದರೆ ಅದೇ ಪುಟದಲ್ಲಿ `right front` ಎಂದು ಬಂದರೆ ಅದು ನಿಜವಾಗಿಯೂ ಬಲಭಾಗ, ತೊಟ್ಟುಕೊಂಡವರ ಬಲಗಡೆಗೆ ಬರುವ ಮುಂಭಾಗ. ಹಾಗೆಯೇ `tension` ಅಂದರೆ ಒತ್ತಡವಲ್ಲ, ಇಂತಿಷ್ಟು ಅಗಲಕ್ಕೆ ಇಂತಿಷ್ಟು ಕುಣಿಕೆ ಬರಬೇಕೆಂಬ ಅಳತೆ. ಕಡ್ಡಿಯ ಸಂಖ್ಯೆಯನ್ನೂ ಒಮ್ಮೆ ನೋಡಿಕೊಳ್ಳಿ. ಹಳೆಯ ಬ್ರಿಟಿಷ್ ಪುಟದಲ್ಲಿ 8 ಎಂದಿದ್ದರೆ ಅದು 4 ಮಿಲಿಮೀಟರ್ ಕಡ್ಡಿ, ಅಮೆರಿಕದ ಪುಟದಲ್ಲಿ 8 ಎಂದರೆ 5 ಮಿಲಿಮೀಟರ್.

ಸಣ್ಣ ತುಂಡಿನಲ್ಲಿ ಪರೀಕ್ಷೆ

37ರ ಮೇಲೆ ಮತ್ತೆ ಕೈ ಹಾಕುವ ಮುಂಚೆ 13 ಕುಣಿಕೆ ಹಾಕಿ ಹೆಣೆದು ನೋಡಿದೆವು. ಹದಿಮೂರು ಯಾಕೆಂದರೆ ಆರರ ಎರಡು ತುಂಡು, ಜೊತೆಗೆ ಅಂಚಿನ ಒಂದು. ಮೊದಲ ಸಾಲಿನಲ್ಲಿ ತುಂಡು ಎರಡು ಸಲ ಬರುತ್ತದೆ. ಮೂರನೆಯ ಸಾಲಿನಲ್ಲಿ ಮೊದಲ ಎರಡು, ಒಂದು ತುಂಡು, ಕೊನೆಯ ಐದು. ಪುನರಾವರ್ತನೆಯೂ ಕೊನೆಯ ಭಾಗವೂ ಎರಡೂ ಪರೀಕ್ಷೆಯಾಗಬೇಕಾದರೆ ಇದಕ್ಕಿಂತ ಕಡಿಮೆ ಸಾಲದು.

ನಾಲ್ಕು ಸಾಲು ಆದ ಮೇಲೆ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಮೊದಲ ಸಾಲಿನ ಎರಡು ಕಡಿತಗಳು ಒಂದರ ಕಡೆಗೊಂದು ವಾಲಿ ಬಾಣದ ತಲೆಯ ಎರಡು ಬದಿಯಂತೆ ಕಾಣಬೇಕು, ನಡುವೆ ಒಂದು ಸೀದಾ ಕುಣಿಕೆ. ಹೆಬ್ಬೆರಳಿನಡಿ ಕಾಣೆಯಾಗಿದ್ದ `k1` ಆ ನಡುವಿನ ಕುಣಿಕೆಯೇ. ಮೂರನೆಯ ಸಾಲಿನ ಮೂರಕ್ಕೊಂದು ಗಂಟು ಸರಿಯಾಗಿ ಅದರ ನೆತ್ತಿಯ ಮೇಲೆ ಕೂರಬೇಕು, ಯಾಕೆಂದರೆ ಅದು ತೆಗೆದುಕೊಳ್ಳುವ ಮೂರು ಕುಣಿಕೆ ಎಡಕ್ಕೆ ವಾಲಿದ ಕಡಿತ, ನಡುವಿನ ಕುಣಿಕೆ, ಬಲಕ್ಕೆ ವಾಲಿದ ಕಡಿತ. ಗಂಟು ಪಕ್ಕಕ್ಕೆ ಸರಿದಿದ್ದರೆ ಮೂರನೆಯ ಸಾಲಿನ ಆರಂಭದ `K2` ತಪ್ಪಿದೆ. ಬಾಣದ ತಲೆಯ ಬದಲು ಎರಡು ಕಡಿತ ಹೊರಗೆ ಬಾಗಿ ಮೇಲೆ ತೆರೆದುಕೊಂಡಿದ್ದರೆ, ಬರೆಯುವಾಗ ಎರಡು ಕಡಿತಗಳನ್ನು ಅದಲುಬದಲು ಮಾಡಿದ್ದೀರಿ. ಎರಡೂ ಎರಡು ತೆಗೆದುಕೊಂಡು ಒಂದು ಕೊಡುವುದರಿಂದ ಈ ಒಂದು ತಪ್ಪನ್ನು ಯಾವ ಎಣಿಕೆಯೂ ಹಿಡಿಯುವುದಿಲ್ಲ, ಕಣ್ಣೇ ಹಿಡಿಯಬೇಕು.

ತಂಗಿಯ 13ರ ತುಂಡಿನಲ್ಲಿ ಎರಡು ಬಾಣದ ತಲೆ ಬಂದವು. ಎಡಗಡೆಯದರಲ್ಲಿ ಮಾತ್ರ ಮೊದಲ ತೂತು ಕಟ್ಟಿಕೊಂಡಿತ್ತು. ಅಲ್ಲಿ ನೂಲನ್ನು ಬೆರಳಿಂದ ಒತ್ತಿ ಹಿಡಿಯಲು ಮರೆತಿದ್ದಳು. ಮತ್ತೆ 37 ಹಾಕಿ ಹೆಣೆಯುವಾಗ, ಎರಡನೆಯ ಸಾಲು ಮುಗಿದ ಕೂಡಲೇ ಬೇರೆ ಬಣ್ಣದ ನುಣುಪು ದಾರವನ್ನು ದಪ್ಪ ಸೂಜಿಗೆ ಪೋಣಿಸಿ, ಕಡ್ಡಿಯ ಮೇಲಿದ್ದ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿ ಬಿಟ್ಟಳು. ಉಲ್ಟಾ ಸಾಲಿನಲ್ಲಿ ಜಾಲರಿಯ ಕೆಲಸವಿಲ್ಲದ್ದರಿಂದ ಅಲ್ಲಿಗೆ ಬಿಚ್ಚಿದರೆ ಕುಣಿಕೆಗಳನ್ನು ಮತ್ತೆ ಎತ್ತಿಕೊಳ್ಳುವುದು ಸುಲಭ. ಪ್ರತಿ ನಾಲ್ಕನೆಯ ಸಾಲಿಗೊಮ್ಮೆ ಆ ದಾರ ಮೇಲಕ್ಕೆ ಬದಲಾಯಿಸುತ್ತಾ ಹೋದಳು, ಬದಲಾಯಿಸುವ ಮುಂಚೆ ಪ್ರತಿ ಸಲ 37 ಎಣಿಸಿದಳು.